ಪಿಂಚಣಿದಾರರ ರಿಟರ್ನ್ ತುಂಬಿ ಕೊಡುವ ಕೆಲಸ: ಯಾರ ಮೊಬೈಲ್ ನಂಬರ್ ಹಾಕಬೇಕು? ತೀರಿಹೋದವರ ಪ್ಯಾನ್‌ಗೆ ಬಿದ್ದ ಟಿಡಿಎಸ್‌ಗೆ ಏನು ದಾರಿ?

ಬೆಟಗೇರಿ ಝೆರಾಕ್ಸ್

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಂದು ಸಣ್ಣ ಅಂಗಡಿ. ಝೆರಾಕ್ಸ್, ಕನ್ನಡ ಟೈಪಿಂಗ್, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿ ಪ್ರಿಂಟ್, ಇವೇ ಕೆಲಸ. ಇತ್ತೀಚೆಗೆ ಓಣಿಯ ಹಿರಿಯರು "ನಮ್ಮ ಐಟಿ ರಿಟರ್ನೂ ನೀನೇ ತುಂಬಿ ಕೊಡಪಾ, ದೊಡ್ಡ ಆಫೀಸಿಗೆ ಹೋಗೋಕೆ ಅಂಜಿಕೆ ಆಗುತ್ತೆ" ಅಂತ ಕೇಳುತ್ತಿದ್ದಾರೆ. ನಾನು ಬಿಕಾಂ ಓದಿದವನು, ನನ್ನ ಅಪ್ಪನ ರಿಟರ್ನ್ ನಾನೇ ಹಾಕುತ್ತೇನೆ. ಆದರೆ ಬೇರೆಯವರದ್ದು ಕೈಗೆ ತಗೊಂಡರೆ ಜವಾಬ್ದಾರಿ ಬೇರೆ ಅಲ್ವಾ?

ಮೊದಲನೇ ಪ್ರಶ್ನೆ. ಬರುವವರಲ್ಲಿ ಅರ್ಧ ಜನಕ್ಕೆ ಇಮೇಲ್ ಇಲ್ಲ. ಮೊಬೈಲ್ ಇದ್ದರೂ ಓಟಿಪಿ ನೋಡೋಕೆ ಬರಲ್ಲ. ಪೋರ್ಟಲ್‌ನಲ್ಲಿ ನನ್ನ ಅಂಗಡಿ ನಂಬರ್, ನನ್ನ ಇಮೇಲ್ ಹಾಕಿಬಿಟ್ಟರೆ ಕೆಲಸ ಬೇಗ ಆಗುತ್ತದೆ. ಸುತ್ತಮುತ್ತ ಸುಮಾರು ಜನ ಹಾಗೇ ಮಾಡುತ್ತಾರೆ. ಸರಿನಾ ಇದು?

ಎರಡನೇದು ಒಬ್ಬ ಅಜ್ಜಿಯ ಕೇಸು. ವಯಸ್ಸು 67. ಯಜಮಾನರು ಪ್ರಾಥಮಿಕ ಶಾಲೆ ಮಾಸ್ತರು, 2023ರಲ್ಲಿ ತೀರಿಕೊಂಡರು. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ. ಬ್ಯಾಂಕಿನಲ್ಲಿ ಎರಡು ಠೇವಣಿ ಇವೆ, ಎರಡೂ ಒಂದೇ ಬ್ಯಾಂಕು. ಪಾಸ್‌ಬುಕ್ ಪ್ರಕಾರ ಬಡ್ಡಿಯಲ್ಲಿ ಒಟ್ಟು 11,600 ರೂಪಾಯಿ ಟಿಡಿಎಸ್ ಕಡಿದಿದ್ದಾರೆ. ಅಜ್ಜಿಯ ಪ್ಯಾನ್‌ನಿಂದ ಟಿಡಿಎಸ್ ಜಮಾ ತೋರಿಸುವ 26ಎಎಸ್ ಪಟ್ಟಿ ತೆಗೆದರೆ ಬರೀ 5,400 ಕಾಣಿಸುತ್ತಿದೆ. ಉಳಿದ 6,200 ಎಲ್ಲಿ ಹೋಯಿತು? ಬ್ಯಾಂಕಿನವರು "ನಾವು ಕಟ್ಟಿದ್ದೇವೆ, ನೀವು ನೋಡಿಕೊಳ್ಳಿ" ಅಂತ ಹೇಳಿ ಕಳಿಸಿದರು. ಹಾಕಬೇಕಾದದ್ದು 2024-25ರ ಆದಾಯದ ರಿಟರ್ನ್, ಈ ಸಲ ಅಂದರೆ 2025ರಲ್ಲಿ ಕೊನೆ ದಿನ ಸೆಪ್ಟೆಂಬರ್ 15. ಏನು ಮಾಡಲಿ?

ಸವಣೂರ ಹುಡುಗ

ಅಣ್ಣಾ ಇಷ್ಟು ತಲೆ ಕೆಡಿಸಿಕೊಳ್ಳೋ ವಿಷಯ ಅಲ್ಲ ಇದು. ಪಿಂಚಣಿ ಅಂದರೆ ಸಂಬಳದ ಕಾಲಂಗೆ ಹಾಕು, ಹೊಸ ತೆರಿಗೆ ಪದ್ಧತಿಯಲ್ಲಿ 75,000 ತಾನಾಗಿ ಕಳೆಯುತ್ತದೆ. ಆದಾಯ 7 ಲಕ್ಷದೊಳಗೆ ಇದ್ದರೆ ತೆರಿಗೆ ಸೊನ್ನೆ. ಪಾಸ್‌ಬುಕ್‌ನಲ್ಲಿ 11,600 ಕಡಿತ ಕಾಣುತ್ತದೆ ಅಂದಮೇಲೆ ಪೂರ್ತಿ 11,600 ಹಾಕು, ರೀಫಂಡ್ ಬರುತ್ತದೆ. ನಾನು ನಮ್ಮ ಮನೆಯವರದ್ದೆಲ್ಲ ಹೀಗೇ ಹಾಕಿದ್ದು, ಯಾರೂ ಕೇಳಿಲ್ಲ.

ಮೊಬೈಲ್ ನಂಬರ್ ನಿಂದೇ ಹಾಕು. ಇಲ್ಲ ಅಂದರೆ ಪ್ರತಿ ಸಲ ಅವರ ಮನೆಗೆ ಓಡಬೇಕು.

ಲಕ್ಷ್ಮೇಶ್ವರ ಮಂಜಿ

ಅಣ್ಣಾರ, ನಿಮ್ಮಲ್ಲಿ ಗೃಹಲಕ್ಷ್ಮಿ ಅರ್ಜಿನೂ ತುಂಬುತ್ತೀರಾ? ನಮ್ಮ ಅತ್ತೆಗೆ ನಾಲ್ಕೈದು ತಿಂಗಳಿಂದ 2,000 ಬಂದಿಲ್ಲ. ಇಲ್ಲಿ ಕೇಳಿದರೆ ಐಟಿ ತೋರಿಸುತ್ತಿದೆ ಅಂತಾರೆ. ನಮ್ಮ ಮನೆಯಲ್ಲಿ ತೆರಿಗೆ ಕಟ್ಟೋರೇ ಇಲ್ಲ.

ವಿದ್ಯಾನಗರ ಅಕ್ಕ

ನಾನು ಹುಬ್ಬಳ್ಳಿಯಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಸವಣೂರಿನ ತಮ್ಮ ಹೇಳಿದ್ದರಲ್ಲಿ ತೆರಿಗೆ ಸೊನ್ನೆ ಅನ್ನೋದೊಂದು ಸರಿ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಸ್ವಂತ ಪಿಂಚಣಿ ಬೇರೆ, ಕುಟುಂಬ ಪಿಂಚಣಿ ಬೇರೆ. ಮಾಸ್ತರು ಬದುಕಿದ್ದಾಗ ಅವರಿಗೆ ಬರುತ್ತಿದ್ದದ್ದು ಸಂಬಳದ ಲೆಕ್ಕ, ಅದಕ್ಕೆ 75,000 ಕಳೆಯುತ್ತಾರೆ. ಅಜ್ಜಿ ಯಾವತ್ತೂ ಸರ್ಕಾರಿ ನೌಕರಿ ಮಾಡಿದವರಲ್ಲ. ಅವರಿಗೆ ಬರುವುದು ಇತರೆ ಮೂಲದ ಆದಾಯ. ರಿಟರ್ನ್ ಫಾರ್ಮ್ ಐಟಿಆರ್-1ರಲ್ಲಿ Income from Other Sources ಕೆಳಗೆ ಪಟ್ಟಿಯಲ್ಲಿ Family Pension ಅಂತಲೇ ಇದೆ, ಅದನ್ನು ಆರಿಸಬೇಕು. ಅದರಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. ಇದು ಹೊಸ ಪದ್ಧತಿಗೆ. ಹಳೆಯದರಲ್ಲಿ ಆ ಮಿತಿ 15,000 ಮಾತ್ರ.

ಬೆಟಗೇರಿ ತಮ್ಮಾ, ಕುಟುಂಬ ಪಿಂಚಣಿಗೆ ಟಿಡಿಎಸ್ ಇಲ್ಲ, ಫಾರ್ಮ್ 16 ಕೂಡ ಬರಲ್ಲ. ಹಾಗಾಗಿ ಪೋರ್ಟಲ್‌ನಲ್ಲಿ ಅದು ತಾನಾಗಿ ತುಂಬಿ ಬರುತ್ತದೆ ಅಂತ ಕಾಯಬೇಡ. ಪಾಸ್‌ಬುಕ್ ಇಟ್ಟುಕೊಂಡು ತಿಂಗಳು ತಿಂಗಳು ಕೂಡಿಸು. ಒಂದು ತಿಂಗಳನ್ನು 12ರಿಂದ ಗುಣಿಸಿದರೂ ತಪ್ಪುತ್ತದೆ, ಯಾಕೆಂದರೆ 2024ರ ಆಗಸ್ಟ್‌ನಿಂದ ರಾಜ್ಯದ 7ನೇ ವೇತನ ಆಯೋಗದ ಪ್ರಕಾರ ಪಿಂಚಣಿ ಏರಿದೆ. ಅಂಕಿ ಇಲ್ಲಿ ಹಾಕು, ನೋಡೋಣ. ಬಡ್ಡಿ ಎರಡೂ ಠೇವಣಿದು ಬೇರೆ ಬೇರೆ ಬರಿ. ಮತ್ತೆ ಕಳೆದುಹೋದ 6,200ರ ಬಗ್ಗೆ ನನಗೊಂದು ಅನುಮಾನ ಇದೆ. ಆ ಎರಡನೇ ಠೇವಣಿ ಮೊದಲು ಯಾರ ಹೆಸರಲ್ಲಿತ್ತು ಕೇಳು.

ಬೆಟಗೇರಿ ಝೆರಾಕ್ಸ್

ಅಕ್ಕಾರ, ಅಜ್ಜಿಯನ್ನು ಕೂರಿಸಿಕೊಂಡು ಪಾಸ್‌ಬುಕ್ ಪೂರ್ತಿ ನೋಡಿದೆ. ಏಪ್ರಿಲ್‌ನಿಂದ ಜುಲೈವರೆಗೆ 4 ತಿಂಗಳಿಗೆ 78,000. ಆಮೇಲಿನ 8 ತಿಂಗಳಿಗೆ 1,86,000. ಒಟ್ಟು 2,64,000. ಮೊದಲ ಠೇವಣಿ ಬಡ್ಡಿ 54,000, ಎರಡನೇದು 62,000. ಉಳಿತಾಯ ಖಾತೆ ಬಡ್ಡಿ 3,200.

ನಿಮ್ಮ ಅನುಮಾನ ಖರೆ ಆಯಿತು. ಎರಡನೇ ಠೇವಣಿ ಇಬ್ಬರ ಹೆಸರಲ್ಲಿ ಇದೆ, ರಸೀದಿಯಲ್ಲಿ ಮೊದಲ ಹೆಸರು ಮಾಸ್ತರದ್ದು. ಮಾಸ್ತರು ತೀರಿಕೊಂಡಿದ್ದನ್ನು ಪಿಂಚಣಿ ಖಾತೆಗೆ ಮಾತ್ರ ತಿಳಿಸಿದ್ದಾರೆ, ಠೇವಣಿಗೆ ಯಾರೂ ಹೇಳಿಲ್ಲ.

ವಿದ್ಯಾನಗರ ಅಕ್ಕ

ಅದೇ ನೋಡು. ಜಂಟಿ ಠೇವಣಿಯಲ್ಲಿ ಬ್ಯಾಂಕು ಬಡ್ಡಿ ಮತ್ತು ಟಿಡಿಎಸ್ ತೋರಿಸುವುದು ಮೊದಲ ಹೆಸರಿನವರ ಪ್ಯಾನ್‌ನಲ್ಲಿ. ಆ 6,200 ಸರ್ಕಾರಕ್ಕೆ ಹೋಗಿದೆ, ಕಳೆದಿಲ್ಲ. ಆದರೆ ಹೋಗಿ ಕೂತಿದ್ದು ತೀರಿಹೋದವರ ಲೆಕ್ಕದಲ್ಲಿ. ಪಾಸ್‌ಬುಕ್‌ಗೆ ಇದು ಗೊತ್ತಾಗಲ್ಲ, ಅಲ್ಲಿ ಬರೀ ಕಡಿತ ಅಂತ ಬರುತ್ತದೆ. ಅದಕ್ಕೇ ರಿಟರ್ನ್ ತುಂಬುವಾಗ ಪಾಸ್‌ಬುಕ್ ಮತ್ತು 26ಎಎಸ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಗಂಡ ತೀರಿಕೊಂಡ ಮನೆಗಳಲ್ಲಿ ಈ ಗೊಂದಲ ತುಂಬಾ ಸಾಮಾನ್ಯ.

ಮೊದಲು ತೆರಿಗೆ ಲೆಕ್ಕ. ಪಿಂಚಣಿ 2,64,000ದಲ್ಲಿ 25,000 ಕಳೆದರೆ 2,39,000. ಅದಕ್ಕೆ ಎರಡೂ ಠೇವಣಿ ಬಡ್ಡಿ 1,16,000 ಮತ್ತು ಉಳಿತಾಯದ 3,200 ಕೂಡಿಸು. 3,58,200 ಆಯಿತು. ಹೊಸ ಪದ್ಧತಿಯಲ್ಲಿ 3 ಲಕ್ಷದ ಮೇಲಿನ 58,200ಕ್ಕೆ ಶೇ 5 ಅಂದರೆ 2,910. ಆದಾಯ 7 ಲಕ್ಷದೊಳಗೆ ಇರುವುದರಿಂದ ಅದೂ ರಿಯಾಯಿತಿಯಲ್ಲಿ ಮಾಫಿ. ತೆರಿಗೆ ಸೊನ್ನೆ, ಕಡಿದದ್ದೆಲ್ಲ ವಾಪಸ್ ಬರಬೇಕಾದ ದುಡ್ಡೇ. ಆದರೆ ಆದಾಯ 3 ಲಕ್ಷ ದಾಟಿದೆ ಅನ್ನೋದು ನೆನಪಿಡು. ಅಂದರೆ ಅಜ್ಜಿ ರಿಟರ್ನ್ ಹಾಕಲೇಬೇಕು. ಕೊನೆ ದಿನ ತಪ್ಪಿಸಿದರೆ 1,000 ರೂಪಾಯಿ ದಂಡ ಬೀಳುತ್ತದೆ.

ಈಗ 11,600 ಪೂರ್ತಿ ಹಾಕಿದರೆ ಏನಾಗುತ್ತದೆ? ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಯಲ್ಲಿ ಕಂಪ್ಯೂಟರ್ ಅಜ್ಜಿಯ 26ಎಎಸ್ ಜೊತೆ ಹೋಲಿಸುತ್ತದೆ. 5,400ಕ್ಕಿಂತ ಜಾಸ್ತಿ ಒಪ್ಪಲ್ಲ. ಪಾಸ್‌ಬುಕ್‌ನಲ್ಲಿದೆ ಅಂತ ಅದಕ್ಕೆ ಹೇಳೋಕೆ ಆಗಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಸೆಪ್ಟೆಂಬರ್ 15ರೊಳಗೆ ರಿಟರ್ನ್ ಹಾಕಿಬಿಡು. ಆದಾಯ ಪೂರ್ತಿ ತೋರಿಸು, 62,000 ಬಡ್ಡಿ ಸಹಿತ, ಯಾಕೆಂದರೆ ಆ ದುಡ್ಡು ಈಗ ಅಜ್ಜಿಯದ್ದೇ. ಟಿಡಿಎಸ್ ಮಾತ್ರ 5,400 ಹಾಕು. ಇನ್ನೊಂದು ಕಡೆ ಬ್ಯಾಂಕಿಗೆ ಅರ್ಜಿ ಕೊಡಿಸು: ಮರಣ ಪ್ರಮಾಣಪತ್ರ, ಠೇವಣಿ ರಸೀದಿ, ಅಜ್ಜಿಯ ಪ್ಯಾನ್ ಲಗತ್ತಿಸಿ, ಠೇವಣಿಯಲ್ಲಿ ಹೆಸರು ಬದಲಿಸಿ, ಕಳೆದ ವರ್ಷದ ಟಿಡಿಎಸ್ ಲೆಕ್ಕ ತಿದ್ದುಪಡಿ ಮಾಡಿ ನನ್ನ ಪ್ಯಾನ್‌ಗೆ ತನ್ನಿ ಅಂತ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಕೊಡುವ ಟಿಡಿಎಸ್ ಲೆಕ್ಕವನ್ನು ತಿದ್ದಿ ಮತ್ತೆ ಕೊಡೋಕೆ ಅವಕಾಶ ಇದೆ. ಅದು ಅಜ್ಜಿಯ 26ಎಎಸ್‌ಗೆ ಬಂದ ಮೇಲೆ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಿ 6,200 ಕೇಳು. ಆ ದಿನ ದಾಟಿದರೆ ಕಷ್ಟ. ಆಮೇಲೆ ಉಳಿಯುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳೋಕೆ ಬರಲ್ಲ.

ಹಾಂ, ಅಜ್ಜಿಗೆ ಹೊಲ ಇದೆಯಾ ಕೇಳು. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ನಡೆಯಲ್ಲ, ಐಟಿಆರ್-2 ಬೇಕು.

ಸವಣೂರ ಹುಡುಗ

ಸರಿ ಅಕ್ಕಾ, ಟಿಡಿಎಸ್ ವಿಷಯ ಒಪ್ಪಿದೆ. ಆದರೆ ಸಂಬಳದ ಕಾಲಂಗೆ ಹಾಕಿದರೂ ಸೊನ್ನೆ, ಇತರೆ ಮೂಲಕ್ಕೆ ಹಾಕಿದರೂ ಸೊನ್ನೆ. ಮತ್ತೆ ಯಾಕೆ ಇಷ್ಟು ಜಗ್ಗಾಟ?

ವಿದ್ಯಾನಗರ ಅಕ್ಕ

ಈ ಅಜ್ಜಿಗೆ ಈ ವರ್ಷ ವ್ಯತ್ಯಾಸ ಇಲ್ಲ, ನಿಜ. ಆದರೆ ನಾಳೆ ಅದೇ ಅಂಗಡಿಗೆ ದೊಡ್ಡ ಹುದ್ದೆಯಲ್ಲಿದ್ದವರ ಹೆಂಡತಿ ಬರುತ್ತಾರೆ, ಆದಾಯ ಏಳು ಲಕ್ಷದ ಆಚೀಚೆ ಇರುತ್ತದೆ. ಅಲ್ಲಿ 50,000 ಜಾಸ್ತಿ ಕಳೆದರೆ ಇರುವ ತೆರಿಗೆ ಮಾಯ ಆಗುತ್ತದೆ. ಅದು ತಪ್ಪು ಲೆಕ್ಕ. ನೋಟೀಸು ಬರುವುದು ಅವರಿಗೆ, ಜನ ಬಂದು ನಿಲ್ಲುವುದು ಅಂಗಡಿ ಮುಂದೆ.

ನಿವೃತ್ತ ಮಾಸ್ತರ, ಹಾವೇರಿ

ಮೊಬೈಲ್ ನಂಬರ್ ವಿಷಯಕ್ಕೆ ನನ್ನ ಅನುಭವ ಹೇಳುತ್ತೇನೆ. ನಿವೃತ್ತಿಗೆ ಮೊದಲು ನಾವು ಕೆಲವು ಶಿಕ್ಷಕರು ಸೇರಿ ಒಬ್ಬನ ಹತ್ತಿರ ರಿಟರ್ನ್ ಹಾಕಿಸುತ್ತಿದ್ದೆವು. ಮುಂಗಡ ಒಂದು ಪೈಸೆ ಬೇಡ, ರೀಫಂಡ್ ಬಂದ ಮೇಲೆ ನೂರಕ್ಕೆ ಹತ್ತು ಕೊಡಿ ಅನ್ನುತ್ತಿದ್ದ. ನಮಗೆ ಖುಷಿ. ಉಳಿದವರಿಗಿಂತ ಜಾಸ್ತಿ ರೀಫಂಡ್ ಬರುತ್ತಿತ್ತು, ಯಾಕೆ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ. ಈ ವರ್ಷ ಹೊಸಬರ ಹತ್ತಿರ ರಿಟರ್ನ್ ಹಾಕಿಸಿದೆ. ಬರಬೇಕಾದ ರೀಫಂಡ್ ಬರಲಿಲ್ಲ, ಹಳೇ ಬಾಕಿಗೆ ಜಮಾ ಮಾಡಿಕೊಂಡಿದ್ದೇವೆ ಅಂತ ತಿಳಿಸಿದರು. ಯಾವ ಬಾಕಿ? ಹಳೇ ರಿಟರ್ನ್ ತೆಗೆದು ನೋಡಿದರೆ ನನಗೆ ಇಲ್ಲದ ಗೃಹಸಾಲದ ಬಡ್ಡಿ, ನಾನು ಕಟ್ಟದ ಆರೋಗ್ಯ ವಿಮೆ. ಇಲಾಖೆಯವರು ಪತ್ರ ಮೇಲೆ ಪತ್ರ ಕಳಿಸಿದ್ದಾರೆ. ಎಲ್ಲವೂ ಹೋಗಿದ್ದು ಆತ ನನ್ನ ಹೆಸರಿಗೆ ಮಾಡಿಕೊಂಡ ಇಮೇಲ್‌ಗೆ. ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ಆತನ ಫೋನ್ ಹತ್ತುತ್ತಿಲ್ಲ.

ಹೀಗಾಗಿ ಬೆಟಗೇರಿಯವರೇ, ನಿಮ್ಮ ನಂಬರ್ ಹಾಕುವ ಮೊದಲು ವಿಚಾರ ಮಾಡಿ. ನೀವು ಒಳ್ಳೆಯವರೇ ಇರಬಹುದು. ನಾಳೆ ಅಂಗಡಿ ಮುಚ್ಚಿದರೆ, ಸಿಮ್ ಬದಲಾದರೆ?

ವಿದ್ಯಾನಗರ ಅಕ್ಕ

ಮಾಸ್ತರ, ನಿಮ್ಮೊಬ್ಬರದ್ದೇ ಅಲ್ಲ ಇದು. 2025ರ ಜುಲೈ 14ರಂದು ಇಲಾಖೆಯವರು ದೇಶದ ಬೇರೆ ಬೇರೆ ಕಡೆ ಇಂಥ ದಲ್ಲಾಳಿಗಳ ಮೇಲೆ ಪರಿಶೀಲನೆ ನಡೆಸಿದರು. ಅವರು ಹೇಳಿದ್ದರಲ್ಲಿ ಇದೂ ಇತ್ತು: ರಾಶಿ ರಿಟರ್ನ್ ಹಾಕಲಿಕ್ಕೆ ತಾತ್ಕಾಲಿಕ ಇಮೇಲ್ ಮಾಡಿಕೊಂಡು ಆಮೇಲೆ ಬಿಟ್ಟುಬಿಡುತ್ತಾರೆ, ನೋಟೀಸುಗಳು ಯಾರೂ ಓದದೆ ಬಿದ್ದಿರುತ್ತವೆ ಅಂತ.

ಖಾತೆ ವಾಪಸ್ ನಿಮ್ಮ ಕೈಗೆ ತಗೊಳ್ಳೋದು ಕಷ್ಟ ಇಲ್ಲ. ಲಾಗಿನ್ ಪುಟದಲ್ಲಿ ಪ್ಯಾನ್ ಹಾಕಿ, Forgot Password ಒತ್ತಿ, ಆಧಾರ್ ಓಟಿಪಿ ಆರಿಸಿಕೊಳ್ಳಿ. ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಆತನ ನಂಬರಿಗೆ ಅಲ್ಲ. ಒಳಗೆ ಹೋದ ತಕ್ಷಣ My Profile ತೆರೆದು ಮೊಬೈಲ್, ಇಮೇಲ್ ಎರಡೂ ಬದಲಿಸಿ. ಆಮೇಲೆ Pending Actions ಕೆಳಗೆ Response to Outstanding Demand ನೋಡಿ, ಯಾವ ವರ್ಷದ್ದು ಎಷ್ಟು ಬಾಕಿ ಇದೆ ಅಂತ ತಿಳಿಯುತ್ತದೆ. ಆದರೆ ಉತ್ತರ ಬರೆಯೋಕೆ ಮಾತ್ರ ಒಬ್ಬ ಸಿಎ ಹತ್ತಿರ ಹೋಗಿ. ಸುಳ್ಳು ಕಡಿತ ತೋರಿಸಿದ್ದಕ್ಕೆ ತೆರಿಗೆಯ ಎರಡು ಪಟ್ಟಿನವರೆಗೆ ದಂಡ ಹಾಕೋಕೆ ಕಾನೂನಿದೆ. ಝೆರಾಕ್ಸ್ ಅಂಗಡಿಯಲ್ಲಿ ಕೂತು ಒತ್ತುವ ಬಟನ್ ಅಲ್ಲ ಅದು.

ಬೆಟಗೇರಿ ತಮ್ಮಾ, ನಿನಗೂ ಇದೇ ಉತ್ತರ. ಮೊದಲ ನಂಬರ್ ಯಾವಾಗಲೂ ಅವರದ್ದೇ. ಓಟಿಪಿ ನೋಡೋಕೆ ಬರದಿದ್ದರೆ ಫೋನ್ ಹಿಡಿದುಕೊಂಡು ಅಂಗಡಿಗೆ ಬರಲಿ. ಇಮೇಲ್ ಇಲ್ಲದಿದ್ದರೆ ಮಗಂದೋ ಮೊಮ್ಮಗಳದ್ದೋ ಹಾಕು. ಪೋರ್ಟಲ್‌ನಲ್ಲಿ ಎರಡನೇ ಸಂಪರ್ಕ ಅಂತ ಇನ್ನೊಂದು ಜಾಗ ಇದೆ, ಮನೆಯವರ ನಂಬರ್ ಅಲ್ಲಿ ಕೂರುತ್ತದೆ. ಅಂಗಡಿ ನಂಬರ್ ಎಲ್ಲೂ ಬೇಡ. ಪಾಸ್‌ವರ್ಡನ್ನು ನಿನ್ನ ಡೈರಿಯಲ್ಲಿ ಬರೆದಿಟ್ಟುಕೊಳ್ಳಬೇಡ, ಚೀಟಿಯಲ್ಲಿ ಬರೆದು ಅವರ ಪ್ಯಾನ್ ಕಾರ್ಡ್ ಜೊತೆ ಕೊಟ್ಟುಬಿಡು.

ರಾಣೆಬೆನ್ನೂರು 1972

ಎಲ್ಲ ಸರಿ, ಆದರೆ ಆಧಾರ್‌ಗೆ ಮೊಬೈಲ್ ಜೋಡಿಸಿರೋದೇ ಇಲ್ಲವಲ್ಲ ಎಷ್ಟೋ ಜನರದ್ದು. ಹಳೇ ಸಿಮ್ ಜೋಡಿಸಿರುತ್ತಾರೆ, ರೀಚಾರ್ಜ್ ಮಾಡದೆ ಅದು ಬಂದ್ ಆಗಿರುತ್ತದೆ. ನಮ್ಮ ಕಾಕಾ ರಿಟರ್ನ್ ಹಾಕಿಸಿದ, ಚೀಟಿ ಪ್ರಿಂಟ್ ತಗೊಂಡ, ದುಡ್ಡು ಕೊಟ್ಟ, ಮನೆಗೆ ಬಂದ. ಕೊನೆಗೆ ನೋಡಿದರೆ ದೃಢೀಕರಣವೇ ಆಗಿರಲಿಲ್ಲ. ರೀಫಂಡ್ ಇಲ್ಲ ಏನಿಲ್ಲ. ಅಂಗಡಿಯವನು ನಾನು ಹಾಕಿದ್ದೀನಲ್ಲ, ಚೀಟಿ ಇದೆಯಲ್ಲ ಅಂತಾನೆ.

ವಿದ್ಯಾನಗರ ಅಕ್ಕ

ರಿಟರ್ನ್ ಹಾಕಿದ 30 ದಿನದೊಳಗೆ ದೃಢೀಕರಿಸಬೇಕು. ಇಲ್ಲದಿದ್ದರೆ ಹಾಕಿದ ದಿನ ಲೆಕ್ಕಕ್ಕೆ ಬರಲ್ಲ, ಎಂದೂ ಮಾಡದಿದ್ದರೆ ರಿಟರ್ನ್ ಹಾಕಿಲ್ಲ ಅಂತಲೇ ಅರ್ಥ. ಚೀಟಿ ಕೈಯಲ್ಲಿದ್ದರೆ ಸಾಲದು. e-File, ಅದರಲ್ಲಿ Income Tax Returns, ಅದರಲ್ಲಿ View Filed Returns ತೆರೆದು ಯಾವ ಹಂತದಲ್ಲಿದೆ ಅಂತ ನೋಡಿಕೊಂಡೇ ಗಿರಾಕಿಯನ್ನು ಕಳಿಸಬೇಕು.

ಆಧಾರ್ ಓಟಿಪಿ ಬಾರದಿದ್ದರೆ ನೆಟ್ ಬ್ಯಾಂಕಿಂಗ್ ಇದೆ. ಅದೂ ಇಲ್ಲದಿದ್ದರೆ ಆ ಚೀಟಿಗೆ ನೀಲಿ ಶಾಯಿಯಲ್ಲಿ ಸಹಿ ಮಾಡಿ ಬೆಂಗಳೂರು ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಬಹುದು, ಆ 30 ದಿನದೊಳಗೇ. ಆದರೆ ಆಧಾರ್‌ಗೆ ಹೊಸ ನಂಬರ್ ಜೋಡಿಸಿಬಿಡುವುದೇ ಒಳ್ಳೆಯದು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಕಡೆಯಿಂದ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾರೆ.

ಕೋರ್ಟ್ ಮುಂದಿನ ಟೈಪಿಸ್ಟ್, ಧಾರವಾಡ

ನಾನು ಅಫಿಡವಿಟ್, ಅರ್ಜಿ ಟೈಪ್ ಮಾಡುವವನು. ತೆರಿಗೆ ನನಗೆ ಗೊತ್ತಿಲ್ಲ, ಹೆಸರಿನ ಗೋಳು ಮಾತ್ರ ದಿನಾ ನೋಡುತ್ತೇನೆ. ನಮ್ಮ ಕಡೆ ಒಬ್ಬಳೇ ಹೆಣ್ಣುಮಗಳು ಪ್ಯಾನ್‌ನಲ್ಲಿ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಇಟ್ಟಿರುತ್ತಾಳೆ. ಬ್ಯಾಂಕಿನಲ್ಲಿ ನಡುವೆ ಬರೀ ಒಂದು ಅಕ್ಷರ. ಆಧಾರ್‌ನಲ್ಲಿ ಅಡ್ಡಹೆಸರೇ ಇಲ್ಲ. ರೀಫಂಡ್ ಬರಲಿಲ್ಲ ಅಂತ ಬಂದು "ಎರಡೂ ಹೆಸರು ನಂದೇ ಅಂತ ಒಂದು ಅಫಿಡವಿಟ್ ಹೊಡೆದು ಕೊಡ್ರಿ" ಅಂತಾರೆ. ಹೊಡೆದು ಕೊಡುತ್ತೇನೆ. ಅದನ್ನು ತಗೊಂಡು ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ. ಉಪಯೋಗ ಆಗುತ್ತಾ ಅಕ್ಕಾರ?

ಬೆಟಗೇರಿಯವರಿಗೆ ಇನ್ನೊಂದು ಮಾತು. ಬ್ಯಾಂಕಿನ ಅರ್ಜಿಯನ್ನು ಕನ್ನಡದಲ್ಲಿ ಹೊಡೆದು ಮೇಲ್ ಮಾಡುವುದಾದರೆ ಯೂನಿಕೋಡ್‌ನಲ್ಲಿ ಹೊಡೀರಿ. ಹಳೇ ನುಡಿ ಫಾಂಟ್‌ನಲ್ಲಿ ಹೊಡೆದದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಆ ಕಡೆಯವರಿಗೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಪ್ರಿಂಟ್ ತೆಗೆದು ಕೊಡುವುದಾದರೆ ಯಾವುದಾದರೂ ನಡೆಯುತ್ತದೆ. ಎರಡು ಪ್ರತಿ ತೆಗೆದು, ಒಂದರ ಮೇಲೆ ಶಾಖೆಯ ಸೀಲು ತಾರೀಕು ಹಾಕಿಸಿಕೊಳ್ಳಿ.

ವಿದ್ಯಾನಗರ ಅಕ್ಕ

ಟೈಪಿಸ್ಟ್ ಅಣ್ಣಾರ, ಬ್ಯಾಂಕಿನ ಕೌಂಟರಿನಲ್ಲಿ ಅಫಿಡವಿಟ್ ನಡೆಯಬಹುದು, ತೆರಿಗೆ ಪೋರ್ಟಲ್‌ಗೆ ನಡೆಯಲ್ಲ. ರೀಫಂಡ್ ಬರಬೇಕಾದ ಖಾತೆಯನ್ನು ಅಲ್ಲಿ My Bank Account ಎಂಬಲ್ಲಿ ಸೇರಿಸಿ ಮೊದಲೇ ಊರ್ಜಿತ ಮಾಡಿಸಬೇಕು. ಪ್ಯಾನ್‌ನಲ್ಲಿರುವ ಹೆಸರಿಗೂ ಬ್ಯಾಂಕಿನ ಹೆಸರಿಗೂ ತಾಳೆ ಆಗದಿದ್ದರೆ ಅದು ನಪಾಸು, ಕಾರಣವೂ ಅಲ್ಲೇ ತೋರಿಸುತ್ತದೆ. ಆಗ ಯಾವುದಾದರೂ ಒಂದನ್ನು ತಿದ್ದಿಸಬೇಕು. ಪ್ಯಾನ್ ತಿದ್ದುಪಡಿಗೆ ನೂರು ಚಿಲ್ಲರೆ ರೂಪಾಯಿ. ಬ್ಯಾಂಕಿನಲ್ಲಿ ಕೆವೈಸಿ ಕೊಟ್ಟರೆ ಅದಕ್ಕೂ ಕಡಿಮೆ. ನಾನು ಸಾಮಾನ್ಯವಾಗಿ ಬ್ಯಾಂಕಿನದ್ದನ್ನೇ ತಿದ್ದಿಸಿ ಅನ್ನುತ್ತೇನೆ, ಪ್ಯಾನ್ ಮತ್ತು ಆಧಾರ್ ಒಂದಕ್ಕೊಂದು ಹೊಂದಿದ್ದರೆ ಅವುಗಳನ್ನು ಮುಟ್ಟೋಕೆ ಹೋಗಬಾರದು.

ಇದನ್ನು ರಿಟರ್ನ್ ಹಾಕುವ ಮೊದಲೇ ನೋಡಿಕೊಂಡರೆ ಅರ್ಧ ತಲೆನೋವು ಇಲ್ಲ. ಈಗಾಗಲೇ ರೀಫಂಡ್ ಹೋಗಿ ವಾಪಸ್ ಬಿದ್ದಿದ್ದರೆ, ಖಾತೆ ಸರಿ ಮಾಡಿಸಿ Services ಕೆಳಗೆ Refund Reissue ಒತ್ತಬೇಕು.

ಲಕ್ಷ್ಮೇಶ್ವರ ಮಂಜಿ

ನನ್ನ ಪ್ರಶ್ನೆ ಹಾಗೇ ಉಳಿಯಿತು. ಈ ಅಜ್ಜಿಗೆ ರಿಟರ್ನ್ ಹಾಕಿಸಿದರೆ ನಾಳೆ ಅವರ ಗೃಹಲಕ್ಷ್ಮಿನೂ ನಿಲ್ಲುತ್ತದೆ ನೋಡ್ರಿ. ನಮ್ಮ ಅತ್ತೆದು ಅದೇ ಆಗಿದೆ ಅಂತ ಈಗ ಗೊತ್ತಾಯಿತು. ಮಾವ ಸಾಲಕ್ಕೆ ಬೇಕು ಅಂತ ಯಾವಾಗಲೋ ಎರಡು ವರ್ಷ ರಿಟರ್ನ್ ಹಾಕಿಸಿದ್ದರಂತೆ. ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ.

ರಾಣೆಬೆನ್ನೂರು 1972

ಅದಕ್ಕೇ ಹೇಳೋದು, ಸುಮ್ನೆ ಇರೋದು ವಾಸಿ. 5,400 ರೂಪಾಯಿಗೆ ಹೋಗಿ ವರ್ಷಕ್ಕೆ 24,000 ಕಳಕೊಳ್ಳೋದಾ?

ವಿದ್ಯಾನಗರ ಅಕ್ಕ

ಯೋಜನೆಯ ನಿಯಮದಲ್ಲಿ ಇರುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿಸುವವರಾಗಿರಬಾರದು ಅಂತ. ರಿಟರ್ನ್ ಹಾಕುವುದೂ ತೆರಿಗೆ ಕಟ್ಟುವುದೂ ಒಂದೇ ಅಲ್ಲ. ಆದರೆ ಪಟ್ಟಿ ಮಾಡುವಾಗ ಸೊನ್ನೆ ತೆರಿಗೆಯವರೂ ಅದರಲ್ಲಿ ಸೇರಿಕೊಂಡಿದ್ದಾರೆ ಅನ್ನುವ ದೂರು ಬಹಳ ಕಡೆ ಇದೆ, ಮಂಜಿ ಹೇಳಿದ್ದು ಸುಳ್ಳಲ್ಲ. ಮಂಜಿ, ಮಾವನ ಖಾತೆ ತೆರೆದು ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸುವ ಆ ಎರಡು ವರ್ಷದ 143(1) ಸೂಚನಾ ಪತ್ರ ಪ್ರಿಂಟ್ ತೆಗೆಸಿ. ತೆರಿಗೆ ಸೊನ್ನೆ ಅಂತ ಅದರಲ್ಲೇ ಇರುತ್ತದೆ. ಪಿಡಿಎಫ್ ತೆರೆಯೋಕೆ ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಹತ್ತಿಸಿ ಹುಟ್ಟಿದ ತಾರೀಕು, ಈ ನಮೂನೆ.

```
abcde1234f15081958
```

ಅದನ್ನು ತಾಲ್ಲೂಕಿನ ಸಂಬಂಧಪಟ್ಟ ಕಚೇರಿಗೆ ಅರ್ಜಿ ಜೊತೆ ಕೊಡಿ. ಕೊಟ್ಟರೆ ಆಗೇ ಬಿಡುತ್ತದೆ ಅಂತ ನಾನು ಮಾತು ಕೊಡಲಾರೆ.

ಆದರೆ ರಾಣೆಬೆನ್ನೂರಿನವರೇ, ಅಜ್ಜಿಯ ಆದಾಯ 3 ಲಕ್ಷ ದಾಟಿದೆ. ಅವರಿಗೆ ಹಾಕುವುದು ಬಿಡುವುದು ಆಯ್ಕೆ ಅಲ್ಲ.

ರಾಣೆಬೆನ್ನೂರು 1972

ಕಾನೂನು ನೀವು ಹೇಳಿದ ಹಾಗೇ ಇರಬಹುದು. ಓಣಿಯಲ್ಲಿ ಹೆಣ್ಣುಮಕ್ಕಳು ಕೇಳುವುದು 2,000 ನಿಲ್ಲುತ್ತಾ ಇಲ್ವಾ ಅಂತ. ಅದಕ್ಕೆ ಯಾರ ಹತ್ತಿರವೂ ಖಚಿತ ಉತ್ತರ ಇಲ್ಲ.

ಬೆಟಗೇರಿ ಝೆರಾಕ್ಸ್

ಅಜ್ಜಿಗೆ ಗೃಹಲಕ್ಷ್ಮಿ ಇಲ್ಲವಂತೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಸೊಸೆ. ಹೊಲ ಮಗನ ಹೆಸರಿಗೆ ಆಗಿದೆ, ಹಾಗಾಗಿ ಐಟಿಆರ್-1 ಸಾಕು. ರಿಟರ್ನ್ ಹಾಕಿದೆ, 5,400ಕ್ಕೆ. ಅಜ್ಜಿಯ ಫೋನಿಗೆ ಓಟಿಪಿ ಬಂತು, ಮೊಮ್ಮಗಳು ಓದಿ ಹೇಳಿದಳು, ದೃಢೀಕರಣವೂ ಮುಗಿಯಿತು. ಇಮೇಲ್ ಮೊಮ್ಮಗಳದ್ದೇ ಹಾಕಿದ್ದೇನೆ. ಬ್ಯಾಂಕಿನ ಅರ್ಜಿ ಟೈಪಿಸ್ಟ್ ಅಣ್ಣ ಹೇಳಿದ ಹಾಗೆ ಎರಡು ಪ್ರತಿ ಮಾಡಿ ಕೊಟ್ಟೆವು. ಠೇವಣಿಯ ಹೆಸರು ಬದಲಿಸುತ್ತೇವೆ, ಟಿಡಿಎಸ್ ತಿದ್ದುಪಡಿ ನಮ್ಮ ಕೈಯಲ್ಲಿಲ್ಲ, ಮೇಲಿನ ಕಚೇರಿಗೆ ಕಳಿಸುತ್ತೇವೆ ಅಂದರು. ಸೀಲು ಹಾಕೋಕೆ ಹಿಂದೆ ಮುಂದೆ ನೋಡಿದರು, ಕೊನೆಗೆ ಹಾಕಿದರು.

ಫೀ ಎಷ್ಟು ತಗೊಳ್ಳಲಿ ಹೇಳ್ರಿ. ಇಷ್ಟು ಓಡಾಟಕ್ಕೆ ಎಷ್ಟು ಕೇಳಬೇಕು ಗೊತ್ತಾಗುತ್ತಿಲ್ಲ.

ಸವಣೂರ ಹುಡುಗ

ಇಲ್ಲಿ ಸಾದಾ ರಿಟರ್ನ್‌ಗೆ 300ರಿಂದ 500 ತಗೊಳ್ಳುತ್ತಾರೆ. ಬ್ಯಾಂಕಿನ ಓಡಾಟ ಬೇರೆ ಲೆಕ್ಕ ಹಾಕು ಅಣ್ಣಾ.

ವಿದ್ಯಾನಗರ ಅಕ್ಕ

ಎಷ್ಟಾದರೂ ತಗೊ, ಮೊದಲೇ ಹೇಳಿ ತಗೊ, ರಸೀದಿ ಕೊಡು. ರೀಫಂಡಿನಲ್ಲಿ ಪಾಲು ಮಾತ್ರ ಬೇಡ. ಹಾವೇರಿ ಮಾಸ್ತರ ಕಥೆ ಶುರುವಾದದ್ದೇ ಅಲ್ಲಿಂದ. ಬೋರ್ಡಿನ ಮೇಲೆ ರಿಟರ್ನ್ ತುಂಬಲು ಸಹಾಯ ಅಂತ ಬರಿ, ಆಡಿಟರ್ ಅಂತ ಬರೀಬೇಡ. ವ್ಯಾಪಾರದವರು, ಷೇರು ಮಾರಿದವರು, ಜಾಗ ಮಾರಿದವರು ಬಂದರೆ ಕೈ ಹಾಕಬೇಡ, ಬೇರೆ ಕಡೆ ಕಳಿಸು.

ಅಜ್ಜಿಗೆ ಇನ್ನೊಂದು ಕೆಲಸ ಉಳಿದಿದೆ. ಈ ವರ್ಷ ಎರಡೂ ಠೇವಣಿ ಅಜ್ಜಿಯ ಪ್ಯಾನ್‌ಗೆ ಬಂದರೆ ಒಂದೇ ಬ್ಯಾಂಕಿನಲ್ಲಿ ಬಡ್ಡಿ 1,16,000 ಆಗುತ್ತದೆ. ಹಿರಿಯರಿಗೆ ಟಿಡಿಎಸ್ ಮಿತಿ 2025ರ ಏಪ್ರಿಲ್‌ನಿಂದ 1 ಲಕ್ಷಕ್ಕೆ ಏರಿದೆ, ಅದನ್ನೂ ದಾಟುತ್ತದೆ, ಅಂದರೆ ಮತ್ತೆ ಕಡಿಯುತ್ತಾರೆ. ಅದಕ್ಕೆ ಟಿಡಿಎಸ್ ಕಡಿಯಬೇಡಿ ಅಂತ ಹಿರಿಯರು ಬ್ಯಾಂಕಿಗೆ ಕೊಡುವ ಘೋಷಣೆ 15ಎಚ್ ಈಗಲೇ ಕೊಡಿಸು. ಈ ವರ್ಷದಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, ಅಜ್ಜಿಯ ಆದಾಯ ಅದರೊಳಗೇ ಇರುತ್ತದೆ. 15ಎಚ್ ಕೊಟ್ಟರೆ ಕಡಿತ ಇಲ್ಲ, ರೀಫಂಡ್ ಕೇಳೋದು ಇಲ್ಲ, ಬೇರೆ ಕಾರಣ ಏನೂ ಇಲ್ಲದಿದ್ದರೆ ಮುಂದಿನ ಸಲ ರಿಟರ್ನ್ ಹಾಕುವ ಅಗತ್ಯವೂ ಇರಲ್ಲ. ಆ ಘೋಷಣೆ ಮಾತ್ರ ಪ್ರತಿ ವರ್ಷ ಹೊಸದಾಗಿ ಕೊಡಬೇಕು.

ಸವಣೂರ ಹುಡುಗ

ಹಾಗಾದರೆ ಗಿರಾಕಿ ಹೋಯ್ತಲ್ಲ ಅಕ್ಕಾ 😀

ಬೆಟಗೇರಿ ಝೆರಾಕ್ಸ್

15ಎಚ್ ತುಂಬಿ ಕೊಡೋಕೆ 50 ರೂಪಾಯಿ ತಗೊಂಡರಾಯ್ತು ಬಿಡಪಾ. ಅಕ್ಕಾರ, ಒಂದು ಕೇಳೋದಿತ್ತು. ಮೇಲಿನ ಕಚೇರಿಯವರು ಡಿಸೆಂಬರ್‌ವರೆಗೂ ತಿದ್ದದಿದ್ದರೆ 6,200 ಮುಳುಗಿದ ಹಾಗೇನಾ?

ವಿದ್ಯಾನಗರ ಅಕ್ಕ

ಅಕ್ಟೋಬರ್ ಕೊನೆಗೆ 26ಎಎಸ್ ಮತ್ತೆ ತೆಗೆದು ನೋಡು. ಬಂದಿರದಿದ್ದರೆ ಆ ಸೀಲಿನ ಪ್ರತಿ ಹಚ್ಚಿ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಸು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, cms.rbi.org.in ನಲ್ಲಿ ದೂರು ಹಾಕೋಕೆ ಫೀ ಇಲ್ಲ. ಡಿಸೆಂಬರ್ ದಾಟಿದರೆ ಏನು ಅನ್ನೋದಕ್ಕೆ ಬೇರೆ ದಾರಿ ಇವೆ ಅಂತಾರೆ, ಆದರೆ 6,200ಕ್ಕೆ ಅಷ್ಟು ದೂರ ಹೋಗಿ ಗೆದ್ದವರನ್ನು ನಾನು ನೋಡಿಲ್ಲ.

ನಿವೃತ್ತ ಮಾಸ್ತರ, ಹಾವೇರಿ

ಅಕ್ಕಾರ, ಆಧಾರ್ ಓಟಿಪಿಯಿಂದ ಖಾತೆ ತೆರೆಯಿತು. ಎರಡು ವರ್ಷದ ಬಾಕಿ ತೋರಿಸುತ್ತಿದೆ. ಹಾವೇರಿಯಲ್ಲಿ ಒಬ್ಬ ಸಿಎ ಸೋಮವಾರ ಬನ್ನಿ ಅಂದಿದ್ದಾರೆ. ನಮ್ಮ ಜೊತೆ ಹಾಕಿಸಿದ್ದ ಉಳಿದ ಶಿಕ್ಷಕರಿಗೂ ಫೋನ್ ಮಾಡುತ್ತಿದ್ದೇನೆ, ಇಬ್ಬರು ನಂಬಲಿಲ್ಲ.